ದನಿ ಮೊಮ್ಮಗನದ್ದೇ ಇರಬಹುದು, ಆದರೂ ಫೋನ್ ಕಟ್ ಮಾಡಿ

2023ರ ಜುಲೈನಲ್ಲಿ ಕೇರಳದ ಕೋಳಿಕ್ಕೋಡ್‌ನ 73 ವರ್ಷದ ನಿವೃತ್ತ ನೌಕರರೊಬ್ಬರನ್ನು ವಾಟ್ಸಾಪ್‌ನಲ್ಲಿ ಗೊತ್ತಿಲ್ಲದ ನಂಬರಿನಿಂದ ಯಾರೋ ಸಂಪರ್ಕಿಸಿದರು. ಹಿಂದೆ ತಮ್ಮ ಜೊತೆ ಕೆಲಸ ಮಾಡಿದ್ದ ಗೆಳೆಯ ಅಂತ ಪರಿಚಯ. ಸಂಬಂಧಿಕರೊಬ್ಬರಿಗೆ ತುರ್ತಾಗಿ ಆಪರೇಷನ್ ಆಗಬೇಕು, 40,000 ರೂಪಾಯಿ ಬೇಕಿತ್ತು ಎಂಬ ಬೇಡಿಕೆ. ಹಿರಿಯರು ಕೇಳಿದ ತಕ್ಷಣ ಕೊಟ್ಟುಬಿಡಲಿಲ್ಲ. ಮೊದಲು ಮುಖ ನೋಡಬೇಕು ಅಂದರು. ವಿಡಿಯೊ ಕರೆ ಬಂತು. ಇದ್ದದ್ದು ಕೆಲವೇ ಸೆಕೆಂಡು, ಆದರೆ ಕಂಡದ್ದು ಗೆಳೆಯನ ಮುಖ, ಕೇಳಿದ್ದು ಗೆಳೆಯನ ಮಾತು. ಹಣ ಕಳಿಸಿದರು. ಸ್ವಲ್ಪ ಹೊತ್ತಿಗೆ ಇನ್ನೂ 35,000 ಬೇಕು ಅಂತ ಬಂದಾಗ ಅನುಮಾನ ಹುಟ್ಟಿತು. ತಮ್ಮ ಬಳಿ ಮೊದಲಿನಿಂದ ಇದ್ದ ಗೆಳೆಯನ ನಂಬರಿಗೆ ತಾವೇ ಫೋನ್ ಮಾಡಿದರು. ನಾನು ಯಾವ ಕರೆಯನ್ನೂ ಮಾಡಿಲ್ಲವಲ್ಲ ಅಂದರು ಗೆಳೆಯ.

ಇಲ್ಲಿ ಹಿರಿಯರು ಎರಡು ಸಲ ಪರೀಕ್ಷೆ ಮಾಡಿದ್ದಾರೆ. ಮೊದಲನೆಯದು ಕಣ್ಣು ಮತ್ತು ಕಿವಿಯ ಪರೀಕ್ಷೆ. ಅದು ನಡೆದದ್ದು ಮೋಸಗಾರ ತೆರೆದಿದ್ದ ದಾರಿಯಲ್ಲಿ. ಅದರಲ್ಲಿ ಅವರು ಸೋತರು. ಎರಡನೆಯದರಲ್ಲಿ ಕಣ್ಣು ಕಿವಿಗೆ ಕೆಲಸವೇ ಇರಲಿಲ್ಲ. ತಮಗೆ ಗೊತ್ತಿದ್ದ ನಂಬರಿಗೆ ತಾವೇ ಡಯಲ್ ಮಾಡಿದರು, ಒಂದೇ ಮಾತಿನಲ್ಲಿ ಸತ್ಯ ಹೊರಬಿತ್ತು. ಧ್ವನಿ ನಕಲು ಮಾಡಿ ಹಣ ಕೀಳುವ ವಂಚನೆಯಿಂದ ಮನೆಯ ಹಿರಿಯರನ್ನು ಉಳಿಸಿಕೊಳ್ಳೋದು ಹೇಗೆ ಅನ್ನೋ ಪ್ರಶ್ನೆಗೆ ಉತ್ತರ ಇರೋದು ಈ ಎರಡನೆಯ ಪರೀಕ್ಷೆಯಲ್ಲಿ. ಆದರೆ ನಾವು ಹೆಚ್ಚಾಗಿ ಹಿರಿಯರಿಗೆ ಕೊಡುವ ಸಲಹೆ ಮೊದಲನೆಯದು: "ಸರಿಯಾಗಿ ಕೇಳಿಸ್ಕೊಳ್ಳಿ, ಫೇಕ್ ಆದ್ರೆ ಗೊತ್ತಾಗುತ್ತೆ." ಗೊತ್ತಾಗಲ್ಲ. ಯಾಕೆ ಅಂತ ನೋಡೋಣ.

ಕಿವಿಯನ್ನು ಸಾಕ್ಷಿ ಮಾಡಿದರೆ ಸೋಲು

ಒಬ್ಬರ ದನಿಯನ್ನು ನಕಲು ಮಾಡಲು ಒಂದು ಕಾಲದಲ್ಲಿ ಸ್ಟುಡಿಯೊದಲ್ಲಿ ಗಂಟೆಗಟ್ಟಲೆ ಮಾಡಿದ ರೆಕಾರ್ಡಿಂಗ್ ಬೇಕಿತ್ತು. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ ವಾಲ್-ಇ ಎಂಬ ಮಾದರಿಗೆ ಮೂರು ಸೆಕೆಂಡಿನ ತುಣುಕು ಸಾಕಾಗಿತ್ತು. 2024ರ ಮಾರ್ಚ್‌ನಲ್ಲಿ ಓಪನ್‌ಎಐ ತನ್ನ ವಾಯ್ಸ್ ಎಂಜಿನ್ ಅನ್ನು 15 ಸೆಕೆಂಡಿನ ಮಾದರಿಯಿಂದ ನಡೆಸಿ ತೋರಿಸಿತು, ದುರುಪಯೋಗದ ಭಯವಿದೆ ಅಂತ ಸಾರ್ವಜನಿಕರಿಗೆ ಬಿಡದೆ ತಡೆಹಿಡಿಯಿತು. ಆದರೆ ಆ ಹೊತ್ತಿಗೆ ಅಂಥದ್ದೇ ಕೆಲಸ ಮಾಡುವ ಬೇರೆ ಸಾಧನಗಳು ಮಾರುಕಟ್ಟೆಯಲ್ಲಿದ್ದವು. ಕನ್ನಡದಲ್ಲಿ ಮಾತಾಡಿಸುವ ಮಾದರಿಗಳೂ ಈಗ ಮುಕ್ತವಾಗಿ ಸಿಗುತ್ತವೆ. "ನಮ್ಮ ಭಾಷೆಗೆ ಇನ್ನೂ ಬಂದಿಲ್ಲ ಬಿಡಿ" ಅನ್ನುವ ಸಮಾಧಾನ ಉಳಿದಿಲ್ಲ.

ಮೂರು ಸೆಕೆಂಡು ಅಂದರೆ ಎಷ್ಟು? ಒಂದು ರೀಲ್ಸ್‌ನ ಮೊದಲ ವಾಕ್ಯ. ಪ್ರತಿಭಟನೆಯಲ್ಲಿ ಮೈಕ್ ಹಿಡಿದು ಮಾತಾಡಿದ ವಿಡಿಯೊ, ಕಾಲೇಜಿನ ಚರ್ಚೆ, ಯೂಟ್ಯೂಬ್ ಚಾನೆಲ್‌ಗೆ ಕೊಟ್ಟ ಬೈಟ್, ಇದೆಲ್ಲ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಹಾಗಾಗಿ "ಆನ್‌ಲೈನ್‌ನಲ್ಲಿ ದನಿ ಹಾಕಬೇಡಿ" ಅನ್ನುವ ಸಲಹೆ ಕೆಲಸಕ್ಕೆ ಬರಲ್ಲ. ಸಾರ್ವಜನಿಕವಾಗಿ ಮಾತಾಡುವವರು ಬಾಯಿ ಮುಚ್ಚಿಕೊಳ್ಳಬೇಕು ಅನ್ನೋದು ಪರಿಹಾರವೂ ಅಲ್ಲ. ನಮ್ಮ ದನಿ ಈಗಾಗಲೇ ಹೊರಗಿದೆ ಅಂತಲೇ ಲೆಕ್ಕ ಹಾಕಿ ಮುಂದಿನ ಯೋಚನೆ ಮಾಡಬೇಕು.

ಇನ್ನು ಕೇಳುವವರ ಕಡೆ ಬರೋಣ. ಅಸಲಿ ಮತ್ತು ನಕಲಿ ದನಿಗಳನ್ನು ಜನರಿಗೆ ಕೇಳಿಸಿ ಮಾಡಿದ ಒಂದು ಅಧ್ಯಯನ 2025ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಬ್ಬರ ಅಸಲಿ ದನಿಯನ್ನೂ ಅವರದೇ ನಕಲು ದನಿಯನ್ನೂ ಜೊತೆಯಾಗಿ ಕೇಳಿಸಿದಾಗ ನೂರಕ್ಕೆ ಸುಮಾರು 80 ಸಲ ಜನ "ಇಬ್ಬರೂ ಒಬ್ಬರೇ" ಅಂದರು. ಇದು ನಕಲಿ ದನಿ ಅಂತ ಸರಿಯಾಗಿ ಗುರುತಿಸಿದ್ದು ನೂರಕ್ಕೆ ಸುಮಾರು 60 ಸಲ. ನಾಣ್ಯ ಚಿಮ್ಮಿ ಹೇಳಿದರೂ 50 ಸರಿಯಾಗುತ್ತೆ ಅನ್ನೋದು ನೆನಪಿರಲಿ. ಅದೂ ಅವರು ಪರೀಕ್ಷೆಗೆ ಅಂತಲೇ ಕೂತವರು. ಒಳ್ಳೆಯ ಆಡಿಯೊ, ಸಮಾಧಾನದ ಮನಸ್ಸು, ಮೋಸ ಇರಬಹುದು ಎಂಬ ಮುನ್ಸೂಚನೆ ಎಲ್ಲ ಇತ್ತು.

ಫೋನಿನಲ್ಲಿ ಈ ಅನುಕೂಲ ಯಾವುದೂ ಇಲ್ಲ. ಸಾಂಪ್ರದಾಯಿಕ ಫೋನ್ ಕರೆಯಲ್ಲಿ ದನಿಯ 300ರಿಂದ 3,400 ಹರ್ಟ್ಸ್‌ವರೆಗಿನ ಭಾಗ ಮಾತ್ರ ದಾಟುತ್ತೆ. 4ಜಿ ಕರೆಯಲ್ಲಿ ಇದು ಹೆಚ್ಚಾದರೂ ದನಿಯನ್ನು ಹಿಂಡಿ ಚಿಕ್ಕದು ಮಾಡಿಯೇ ಕಳಿಸೋದು. ನಕಲಿ ದನಿಯ ಸಣ್ಣಪುಟ್ಟ ದೋಷಗಳು, ಅಂದರೆ ಲೋಹದಂಥ ಸದ್ದು, ಉಸಿರಿನ ಎಡವಟ್ಟು, 'ಸ' 'ಶ'ಗಳ ಕರಕರ, ಹೆಚ್ಚಾಗಿ ಈ ಹಿಂಡುವಿಕೆಯಲ್ಲಿ ಮುಚ್ಚಿಹೋಗುತ್ತವೆ. ಉಳಿದದ್ದನ್ನು "ನೆಟ್‌ವರ್ಕ್ ಸರಿಯಿಲ್ಲ" ಅಂತ ನಾವೇ ಮನ್ನಿಸಿಬಿಡ್ತೀವಿ. ವಯಸ್ಸಾದಂತೆ ಮೊದಲು ಮಂದವಾಗೋದು ಹೆಚ್ಚಿನ ಕಂಪನದ ಸದ್ದು ಕೇಳುವ ಶಕ್ತಿಯೇ. ಹೀಗಿರುವಾಗ 70 ದಾಟಿದ ಅಜ್ಜಿಗೆ "ಗಮನ ಇಟ್ಟು ಕೇಳು" ಅನ್ನೋದು ಸಲಹೆಯಲ್ಲ, ಹೊಣೆಯನ್ನು ಅವರ ತಲೆಗೆ ಕಟ್ಟುವುದು.

ಎಂಟು ಸೆಕೆಂಡಿನ ನಕಲು, ಉಳಿದದ್ದೆಲ್ಲ ಹಳೇ ನಾಟಕ

ಇಂಥ ಕರೆ ಹೇಗೆ ಸಾಗುತ್ತೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಇದು ಕಲ್ಪಿತ, ಆದರೆ ಇದರ ಒಂದೊಂದು ತಿರುವೂ ದೇಶವಿದೇಶಗಳ ದೂರುಗಳಲ್ಲಿ ಮತ್ತೆಮತ್ತೆ ಕಾಣುವಂಥದ್ದು. ಸಾಗರದ ಹತ್ತಿರದ ಹಳ್ಳಿಯಲ್ಲಿ ಅಜ್ಜಿ, ಬೆಂಗಳೂರಲ್ಲಿ ಮೊಮ್ಮಗ ವಿನಯ. ಬೆಳಿಗ್ಗೆ ಹನ್ನೊಂದೂವರೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಫೋನ್ ರಿಂಗಾಗುತ್ತೆ.

"ಅಜ್ಜಿ... ಅಜ್ಜಿ, ನಾನು ವಿನಯ... ಗಾಡಿ ಒಬ್ರಿಗೆ ತಾಗಿಬಿಡ್ತು ಅಜ್ಜಿ... ಅಪ್ಪಂಗೆ ಹೇಳಬೇಡ..."

ಬಿಕ್ಕುವ ಸದ್ದು. ತಕ್ಷಣ ಫೋನ್ ಇನ್ನೊಬ್ಬರ ಕೈಗೆ ಹೋಗುತ್ತೆ. "ಅಮ್ಮಾ, ನಾನು ಸ್ಟೇಷನ್‌ನಿಂದ ಎಸ್‌ಐ ಮಾತಾಡ್ತಿರೋದು. ನಿಮ್ಮ ಹುಡುಗನ ಗಾಡಿಗೆ ಸಿಕ್ಕವರು ಆಸ್ಪತ್ರೆಯಲ್ಲಿದ್ದಾರೆ. ಎಫ್‌ಐಆರ್ ಆದ್ರೆ ಹುಡುಗನ ಜೀವನ ಹಾಳು. ಅವರ ಕಡೆಯವರು 60 ಸಾವಿರಕ್ಕೆ ಒಪ್ಪಿದ್ದಾರೆ. ಅರ್ಧ ಗಂಟೇಲಿ ಆಗಬೇಕು. ಫೋನ್ ಇಡಬೇಡಿ, ನಾನು ಲೈನ್‌ನಲ್ಲೇ ಇರ್ತೀನಿ."

ಇದರಲ್ಲಿ ನಕಲು ದನಿ ಎಷ್ಟಿದೆ? ಎಂಟು ಸೆಕೆಂಡು ಇರಬಹುದು. ಇದಕ್ಕೆ ಕಾರಣ ಇದೆ. ದನಿ ನಕಲು ಎರಡು ಥರ ನಡೆಯುತ್ತೆ. ಒಂದರಲ್ಲಿ ಬೇಕಾದ ಮಾತನ್ನು ಟೈಪ್ ಮಾಡಿ, ವಿನಯನ ದನಿಯಲ್ಲಿ ಆಡಿಯೊ ತುಣುಕು ತಯಾರಿಸಿಟ್ಟು ಕರೆಯಲ್ಲಿ ಹಾಕ್ತಾರೆ. ಅದು ತಯಾರಾದ ಮಾತು; ಅಜ್ಜಿ ಮಧ್ಯೆ ಏನಾದರೂ ಕೇಳಿದರೆ ಉತ್ತರಿಸಲಾಗದು. ಇನ್ನೊಂದರಲ್ಲಿ ಮೋಸಗಾರ ತಾನೇ ಮಾತಾಡ್ತಾನೆ, ಸಾಫ್ಟ್‌ವೇರ್ ಅವನ ದನಿಯನ್ನು ಆ ಕ್ಷಣದಲ್ಲೇ ವಿನಯನ ದನಿಗೆ ಬದಲಾಯಿಸುತ್ತೆ. ಇಲ್ಲಿ ಉತ್ತರ ಕೊಡಬಹುದು, ಆದರೆ ಮಾತಿನ ಧಾಟಿ ಮೋಸಗಾರನದ್ದೇ. ದನಿಯ ಬಣ್ಣ ನಕಲಾಗುತ್ತೆ. ಸಾಗರದ ಸೀಮೆಯ ಮಾತು, ಮನೆಯಲ್ಲಿ ಮಾತ್ರ ಬಳಸುವ ಪದ, ಅಜ್ಜಿಯನ್ನು ವಿನಯ ಕರೆಯುವ ರೀತಿ ಇದ್ಯಾವುದೂ ಇನ್‌ಸ್ಟಾಗ್ರಾಂ ತುಣುಕಿನಿಂದ ತಾನಾಗಿ ಬರಲ್ಲ. ಎರಡೂ ವಿಧಾನದಲ್ಲಿ ಮಾತು ಉದ್ದವಾದಷ್ಟು ಗುಟ್ಟು ಬಯಲಾಗುವ ಅಪಾಯ ಹೆಚ್ಚು. ಅದಕ್ಕೇ ಅಳು, ಅದಕ್ಕೇ "ಎಸ್‌ಐ". ಮೊಮ್ಮಗನ ದನಿ ಅಜ್ಜಿಯ ಎದೆ ಒಡೆಯುವಷ್ಟು ಮಾತ್ರ ಕೇಳಿ, ಆಮೇಲಿನ ವ್ಯವಹಾರವೆಲ್ಲ ಅಜ್ಜಿಗೆ ಪರಿಚಯವೇ ಇಲ್ಲದ ದನಿಯ ಜೊತೆ.

ಹಾಗಂತ ಭಾಷೆಯನ್ನೇ ನಂಬಿಕೊಂಡು ಕೂರುವಂತಿಲ್ಲ. 2023ರಲ್ಲಿ ಹೈದರಾಬಾದ್‌ನ 59 ವರ್ಷದ ಮಹಿಳೆಯೊಬ್ಬರು ಕೆನಡಾದಲ್ಲಿರುವ ಸೋದರಳಿಯನ ದನಿ ಕೇಳಿ 1.4 ಲಕ್ಷ ರೂಪಾಯಿ ಕಳಿಸಿದ ಪ್ರಕರಣ ವರದಿಯಾಯಿತು. ಅಪಘಾತವಾಗಿದೆ, ಜೈಲಿಗೆ ಹೋಗಬೇಕಾದೀತು ಅನ್ನುವುದೇ ಅಲ್ಲೂ ಕಥೆ. ದನಿಯಷ್ಟೇ ಅಲ್ಲ, ಮನೆಯಲ್ಲಿ ಆಡುವ ಪಂಜಾಬಿಯೂ ತದ್ರೂಪ ಹಾಗೇ ಇತ್ತು ಅಂತ ಅವರು ಹೇಳಿದ್ದರು.

ಇನ್ನೊಂದು ವಿಷಯ. ಪ್ರತಿ ಕರೆಯಲ್ಲೂ ನಿಜವಾಗಿ ಎಐ ದನಿಯೇ ಇತ್ತು ಅಂತ ಸಾಬೀತು ಮಾಡೋದು ಕಷ್ಟ. ಟೆಲಿಕಾಂ ಕಂಪನಿಗಳ ದಾಖಲೆಯಲ್ಲಿ ಯಾರು ಯಾರಿಗೆ ಎಷ್ಟು ಹೊತ್ತು ಮಾತಾಡಿದರು ಅನ್ನೋದು ಸಿಗುತ್ತೆ, ಆಡಿದ ಮಾತು ಸಿಗಲ್ಲ. ಎಐ ಬರುವ ಮೊದಲೂ ಈ ಮೋಸ ಇತ್ತು. ಯಾರೋ ಅಳುತ್ತಾ "ಅಜ್ಜಿ" ಅಂತಿದ್ದರು, ಗಾಬರಿಯಲ್ಲಿ ಅಜ್ಜಿಯೇ "ಯಾರು, ವಿನಯನಾ?" ಅಂತ ಹೆಸರು ಒದಗಿಸಿಬಿಡುತ್ತಿದ್ದರು. ಇದರಿಂದ ನಮಗೆ ಸಿಗುವ ಪಾಠ ಏನಂದ್ರೆ, ಮನೆಯ ಅಭ್ಯಾಸ ದನಿ ಅಸಲಿಯೋ ನಕಲಿಯೋ ಅನ್ನೋ ಪ್ರಶ್ನೆಯನ್ನೇ ಕೇಳಬಾರದು. ಎರಡೂ ಸಂದರ್ಭದಲ್ಲಿ ಅದು ಕೆಲಸ ಮಾಡಬೇಕು.

ಮೊದಲ ಅಭ್ಯಾಸ: ಇಟ್ಟುಬಿಡಿ, ನೀವೇ ಮಾಡಿ

ನಿಯಮ ಇಷ್ಟೇ. ಯಾರೇ ಆಗಲಿ, ಯಾವ ದನಿಯಲ್ಲೇ ಆಗಲಿ, ಫೋನಿನಲ್ಲಿ ತುರ್ತಾಗಿ ಹಣ ಕೇಳಿದರೆ ಕರೆ ಕಟ್ ಮಾಡಬೇಕು. ನಂತರ ಆ ವ್ಯಕ್ತಿಯ ಮೊದಲಿನಿಂದ ಇರುವ ನಂಬರಿಗೆ ಮನೆಯವರೇ ಡಯಲ್ ಮಾಡಬೇಕು. ಬಂದ ನಂಬರಿಗೇ ವಾಪಸ್ ಮಾಡೋದಲ್ಲ. ಪರದೆ ಮೇಲೆ "ವಿನಯ" ಅಂತಲೇ ಕಂಡಿದ್ದರೂ ಇದೇ ನಿಯಮ. ಕರೆ ಬಂದಾಗ ಕಾಣುವ ನಂಬರನ್ನು ತಿರುಚಬಹುದು. ವಿದೇಶದಿಂದ ಭಾರತದ ನಂಬರಿನ ವೇಷದಲ್ಲಿ ಬರುವ ಕರೆಗಳನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ವ್ಯವಸ್ಥೆಯೊಂದನ್ನು ಶುರು ಮಾಡಿದಾಗ ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆ ಸಿಕ್ಕಿಬಿದ್ದಿದ್ದವು. ನೀವು ನಿಮ್ಮ ಕೈಯಾರೆ ಡಯಲ್ ಮಾಡಿದಾಗ ಮಾತ್ರ ಆ ವೇಷ ಕಳಚುತ್ತೆ, ಯಾಕಂದ್ರೆ ಕರೆ ಹೋಗೋದು ಅಸಲಿ ಸಿಮ್‌ಗೆ. ವಾಟ್ಸಾಪ್ ಖಾತೆಗಳನ್ನೇ ಕದಿಯುವ ಮೋಸ ಇರೋದ್ರಿಂದ ವಾಪಸ್ ಕರೆಯನ್ನು ಮಾಮೂಲಿ ಫೋನ್ ಕರೆಯಾಗಿಯೇ ಮಾಡೋದು ಒಳ್ಳೇದು.

ಹೇಳೋಕೆ ಸುಲಭ. ಮಾಡೋಕೆ ಅಡ್ಡ ಬರೋದು ಏನು? ಅಜ್ಜಿಯ ಮನಸ್ಸಲ್ಲಿ ಓಡೋದು ಇದು: "ಮಗು ಅಳ್ತಾ ಇದೆ, ನಾನು ಫೋನ್ ಇಟ್ಟುಬಿಡೋದಾ? ನಿಜವಾಗಿದ್ದರೆ ಏನು ಅಂದುಕೊಂಡಾನು?" ಇದು ಬುದ್ಧಿಯ ಕೊರತೆಯಲ್ಲ, ಪ್ರೀತಿ. ಹಾಗಾಗಿ ಇಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ಮಕ್ಕಳು, ಮೊಮ್ಮಕ್ಕಳು. "ಅಜ್ಜಿ, ನಾನೇ ಫೋನ್ ಮಾಡಿ ಅತ್ತು ದುಡ್ಡು ಕೇಳಿದ್ರೂ ನೀನು ಕಟ್ ಮಾಡು. ನಂಗೆ ಬೇಜಾರಾಗಲ್ಲ. ಕಟ್ ಮಾಡಿದ್ರೆ ಖುಷಿ ಆಗುತ್ತೆ." ಈ ಮಾತನ್ನು ಮುಂಚೆಯೇ, ಎದುರಿಗೆ ಕೂತು ಹೇಳಿರಬೇಕು. ಫೋನ್ ಕಟ್ ಮಾಡುವ ಅನುಮತಿ ಅಜ್ಜಿಯ ಕೈಯಲ್ಲಿ ಮೊದಲೇ ಇದ್ದರೆ, ಆ ಕ್ಷಣದಲ್ಲಿ ಅವರು ಮೊಮ್ಮಗನ ಕೈಬಿಟ್ಟಂತೆ ಆಗಲ್ಲ, ಮೊಮ್ಮಗ ಹೇಳಿದ್ದನ್ನೇ ಮಾಡಿದಂತೆ ಆಗುತ್ತೆ. "ಲೈನ್‌ನಲ್ಲೇ ಇರಿ" ಅನ್ನುವ ಎಸ್‌ಐಗೆ ಎದುರಾಡುವ ಧೈರ್ಯವೂ ಅದರಿಂದಲೇ ಬರೋದು.

ಇದರಲ್ಲಿ ಒಂದು ತೂತು ಇದೆ. ವಾಪಸ್ ಮಾಡಿದಾಗ ವಿನಯ ಫೋನ್ ಎತ್ತದೇ ಇದ್ದರೆ? ಕ್ಲಾಸಲ್ಲಿರಬಹುದು, ಮೀಟಿಂಗಲ್ಲಿರಬಹುದು, ಮೆಟ್ರೊದಲ್ಲಿ ನೆಟ್‌ವರ್ಕ್ ಇಲ್ಲದಿರಬಹುದು. ಎತ್ತದೇ ಇದ್ದರೆ ಅಜ್ಜಿಯ ಗಾಬರಿ ದುಪ್ಪಟ್ಟು, "ಹಾಗಾದ್ರೆ ನಿಜವೇ ಇರಬೇಕು." ಅದಕ್ಕೆ ಒಬ್ಬೊಬ್ಬರ ಹೆಸರಿನ ಮುಂದೆಯೂ ಇನ್ನೆರಡು ನಂಬರ್ ಬೇಕು. ವಿನಯನ ಜೊತೆ ರೂಮಲ್ಲಿರುವವನದ್ದು ಅಥವಾ ಆಫೀಸಿನ ಗೆಳತಿಯದ್ದು ಒಂದು, ಮನೆಯ ಇನ್ನೊಬ್ಬ ದೊಡ್ಡವರದ್ದು ಒಂದು. ಇವು ಫೋನಿನೊಳಗೆ ಇದ್ದರೆ ಸಾಲದು. ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಗಾಬರಿಯಲ್ಲಿ ಕೈ ನಡುಗುವಾಗ ಕಾಂಟ್ಯಾಕ್ಟ್ ಲಿಸ್ಟ್ ಹುಡುಕೋದು ಯುವಕರಿಗೂ ಕಷ್ಟ.

"ಅಪ್ಪಂಗೆ ಹೇಳಬೇಡ" ಅನ್ನುವ ಮಾತನ್ನೂ ಇಲ್ಲೇ ಗಮನಿಸಬೇಕು. ಮೋಸಗಾರನಿಗೆ ಅತಿ ದೊಡ್ಡ ಅಪಾಯ ಪಕ್ಕದ ಮನೆಯವರು, ಮಗ, ಸೊಸೆ, ಒಟ್ಟಿನಲ್ಲಿ ಮೂರನೆಯ ಮನುಷ್ಯ. ಹಾಗಾಗಿ ಗುಟ್ಟಾಗಿಡು ಅನ್ನೋದು ನಾಟಕದ ಅತ್ಯಗತ್ಯ ಭಾಗ. ಅದನ್ನು ಮನೆಯಲ್ಲಿ ತಿರುಗಿಸಿ ನಿಯಮ ಮಾಡಿಕೊಳ್ಳಬಹುದು: ಯಾರಿಗೂ ಹೇಳಬೇಡ ಅಂತ ಫೋನಿನಲ್ಲಿ ಯಾರಾದರೂ ಅಂದರೆ, ಮೊದಲು ಮಾಡುವ ಕೆಲಸ ಯಾರಿಗಾದರೂ ಹೇಳೋದು.

ಗುಟ್ಟಿನ ಪದಕ್ಕಿಂತ ಸುಳ್ಳಿನ ಪ್ರಶ್ನೆ

ಅಮೆರಿಕದ ಎಫ್‌ಬಿಐ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ ಕುಟುಂಬದವರು ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ ಅಂತ ಹೇಳಿತ್ತು. ಒಳ್ಳೆಯದೇ. ಆದರೆ ನಮ್ಮ ಮನೆಗಳಲ್ಲಿ ಇದು ಎಲ್ಲಿ ಎಡವುತ್ತೆ ಅಂತ ತಿಳಿದಿರಬೇಕು. ವರ್ಷಕ್ಕೊಮ್ಮೆಯೂ ಬಳಸದ ಪದ ಮರೆತುಹೋಗುತ್ತೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರೋ ಅದನ್ನು ಟೈಪ್ ಮಾಡಿಬಿಡ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, "ಅಜ್ಜಿ, ತಲೆಗೆ ಪೆಟ್ಟಾಗಿದೆ, ಅದೆಲ್ಲ ನೆನಪಾಗ್ತಿಲ್ಲ" ಅಂತ ಅತ್ತರೆ ಅಜ್ಜಿ ಕರಗಿಬಿಡ್ತಾರೆ.

ಇದಕ್ಕಿಂತ ಸಲೀಸಾದದ್ದು ಸುಳ್ಳನ್ನು ಒಳಗಿಟ್ಟು ಕೇಳುವ ಪ್ರಶ್ನೆ. ಮನೆಯಲ್ಲಿ ಸೀತತ್ತೆ ಅನ್ನುವವರೇ ಇಲ್ಲ ಅಂದುಕೊಳ್ಳಿ. "ಸರಿ ಕಣೋ, ಸೀತತ್ತೆ ನಿನ್ನ ಜೊತೆಗೇ ಇದ್ದಾಳಾ?" ಅಂತ ಅಜ್ಜಿ ಕೇಳಿದರೆ ನಿಜವಾದ ವಿನಯ "ಯಾವ ಸೀತತ್ತೆ ಅಜ್ಜಿ?" ಅಂತಾನೆ. ಕಥೆ ಕಟ್ಟುವವನು ಹೂಂ ಅಂತಾನೆ, ಇಲ್ಲ ಊರಿಗೆ ಹೋಗಿದ್ದಾಳೆ ಅಂತಾನೆ, ಅಥವಾ ಫೋನನ್ನು ಎಸ್‌ಐ ಕೈಗೆ ಕೊಟ್ಟುಬಿಡ್ತಾನೆ. ಇದಕ್ಕೆ ಪದ ನೆನಪಿಡುವ ತೊಂದರೆ ಇಲ್ಲ, ಮತ್ತು ಹಿರಿಯರು ಇಂಥ ಚಾಲಾಕಿತನದಲ್ಲಿ ನಮಗಿಂತ ಪಳಗಿದವರು. ನೆನಪಿಡಬೇಕಾದದ್ದು, ಹುಟ್ಟಿದ ದಿನ, ಓದಿದ ಶಾಲೆ, ಸಾಕಿದ ನಾಯಿಯ ಹೆಸರು ಇವು ಗುಟ್ಟುಗಳಲ್ಲ. ಫೇಸ್‌ಬುಕ್‌ನಲ್ಲಿ ನಾವೇ ಹಾಕಿರ್ತೀವಿ. ಪ್ರಶ್ನೆಗೆ ಸರಿಯುತ್ತರ ಬಂದರೂ ಹಣ ಕಳಿಸುವ ಮುನ್ನ ವಾಪಸ್ ಕರೆ ಮಾಡಲೇಬೇಕು. ಪ್ರಶ್ನೆ ಮೋಸಗಾರನನ್ನು ಬೇಗ ಹಿಡಿಯಬಹುದು, ಆದರೆ ಆ ಕಡೆ ಇರುವವರು ನಿಜವಾಗಿ ವಿನಯನೇ ಅಂತ ಖಾತ್ರಿ ಕೊಡಲ್ಲ.

ದುಡ್ಡಿನ ದಾರಿಯಲ್ಲಿ ಒಂದು ಉಬ್ಬು

ಇಷ್ಟೆಲ್ಲ ಆದಮೇಲೂ ಒಂದು ದಿನ ಅಜ್ಜಿ ನಂಬಿಬಿಡಬಹುದು. ಆಗ ನಷ್ಟ ಎಷ್ಟಾಗುತ್ತೆ ಅನ್ನೋದು ಅವರ ಫೋನಿಗೆ ಯಾವ ಖಾತೆ ಜೋಡಿಸಿದೆ ಅನ್ನೋದರ ಮೇಲೆ ನಿಂತಿದೆ. ಪಿಂಚಣಿ, ಅಡಿಕೆ ಮಾರಿದ ಹಣ, ಎಫ್‌ಡಿ ಬಡ್ಡಿ ಎಲ್ಲ ಬೀಳುವ ಖಾತೆಗೇ ಯುಪಿಐ ಹಾಕಿಕೊಟ್ಟಿರೋದು ಹೆಚ್ಚಾಗಿ ನಾವೇ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಸಾಮಾನ್ಯವಾಗಿ ಒಂದು ಲಕ್ಷದವರೆಗೆ ಒಂದೇ ಸಲ ಹೋಗುತ್ತೆ. ಅದರ ಬದಲು ಇನ್ನೊಂದು ಸಣ್ಣ ಉಳಿತಾಯ ಖಾತೆ ತೆರೆದು, ಅದರಲ್ಲಿ ತಿಂಗಳ ಖರ್ಚಿನಷ್ಟು, ಐದೋ ಹತ್ತೋ ಸಾವಿರ ಇಟ್ಟು, ಯುಪಿಐ ಅನ್ನು ಅದಕ್ಕೆ ಮಾತ್ರ ಜೋಡಿಸಿ. ದೊಡ್ಡ ಖಾತೆಯ ಹಣ ಬೇಕಾದರೆ ಬ್ಯಾಂಕಿಗೆ ಹೋಗಬೇಕು. ಆ ನಡಿಗೆಯೇ ರಕ್ಷಣೆ.

ಅದು ಹೇಗೆ ಅಂತ ಕೆನಡಾದ ರಿಜೈನಾ ನಗರದ ಪ್ರಕರಣ ತೋರಿಸುತ್ತೆ. 2023ರಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿದ್ದು. ಎಪ್ಪತ್ತು ದಾಟಿದ ದಂಪತಿಗೆ ಮೊಮ್ಮಗನ ದನಿಯಲ್ಲಿ ಕರೆ ಬಂತು, ಜೈಲಿನಲ್ಲಿದ್ದೀನಿ, ಜಾಮೀನಿಗೆ ಹಣ ಬೇಕು ಅಂತ. ಇಬ್ಬರೂ ಬ್ಯಾಂಕಿಗೆ ಓಡಿ 3,000 ಕೆನಡಿಯನ್ ಡಾಲರ್ ತೆಗೆದರು. ಇನ್ನಷ್ಟು ತೆಗೆಯಲು ಎರಡನೇ ಶಾಖೆಗೆ ಹೋದಾಗ ಅಲ್ಲಿನ ಮ್ಯಾನೇಜರ್ ಒಳಗೆ ಕರೆದು ಕೂರಿಸಿ, ಇನ್ನೊಬ್ಬ ಗ್ರಾಹಕರಿಗೂ ಹೀಗೇ ಕರೆ ಬಂದಿತ್ತು, ಆ ದನಿ ನಿಮ್ಮ ಮೊಮ್ಮಗನದ್ದಲ್ಲದೇ ಇರಬಹುದು ಅಂದರು. ದಂಪತಿ ಅಲ್ಲೇ ಎಚ್ಚೆತ್ತರು. ಅವರನ್ನು ಉಳಿಸಿದ್ದು ಮಧ್ಯೆ ಸಿಕ್ಕ ಮೂರನೆಯ ಮನುಷ್ಯ ಮತ್ತು ಹಾದಿಯಲ್ಲಿ ಕಳೆದ ಸ್ವಲ್ಪ ಹೊತ್ತು. ಊರಿನ ಬ್ಯಾಂಕ್ ಶಾಖೆಗಳು ಮುಚ್ಚುತ್ತಾ ಎಲ್ಲವೂ ಫೋನಿಗೆ ಬಂದಾಗ ನಾವು ಕಳೆದುಕೊಳ್ಳುವ ವಸ್ತುಗಳಲ್ಲಿ ಇದೂ ಒಂದು.

ಫೋನಿನೊಳಗೇ ಮೂರನೆಯ ಮನುಷ್ಯನನ್ನು ತರುವ ಒಂದು ದಾರಿ ಯುಪಿಐ ಸರ್ಕಲ್. 2024ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಭಾಗಶಃ ಅನುಮತಿ ಎಂಬ ಆಯ್ಕೆ ಇದೆ. ಅಜ್ಜಿ ತಮ್ಮ ಫೋನಿನಿಂದ ಪಾವತಿ ಶುರು ಮಾಡಿದರೆ, ಖಾತೆಯ ಮುಖ್ಯ ಬಳಕೆದಾರರಾದ ಮಗನೋ ಮಗಳೋ ತಮ್ಮ ಫೋನಿನಲ್ಲಿ ಪಿನ್ ಹಾಕಿದ ಮೇಲೆಯೇ ಹಣ ಹೋಗೋದು. ಆದರೆ ಇದರಲ್ಲಿ ಖರ್ಚಾಗೋದು ಮಗಳ ಖಾತೆಯ ಹಣ, ಮತ್ತು ಅಜ್ಜಿ ಹಾಲಿಗೂ ಸೊಪ್ಪಿಗೂ ಮಗಳ ಒಪ್ಪಿಗೆ ಕಾಯಬೇಕು. ತಾನು ದುಡಿದ ದುಡ್ಡಿಗೆ ಇನ್ನೊಬ್ಬರ ಅನುಮತಿ ಯಾಕೆ ಅಂತ ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ರಕ್ಷಣೆಯ ಹೆಸರಲ್ಲಿ ಹಿರಿಯರ, ಅದರಲ್ಲೂ ಹೆಂಗಸರ, ಕೈಯಿಂದ ಹಣ ಕಿತ್ತುಕೊಳ್ಳೋದು ನಮ್ಮ ಮನೆಗಳಿಗೆ ಹೊಸತೇನಲ್ಲ. ಸಣ್ಣ ಖಾತೆಯ ವ್ಯವಸ್ಥೆ ವಾಸಿ ಅನ್ನೋದು ಇದಕ್ಕೇ. ಅಲ್ಲಿ ದಿನದ ಖರ್ಚು ಪೂರ್ತಿ ಅವರ ಕೈಯಲ್ಲೇ ಇರುತ್ತೆ.

ಹಣ ಹೋದ ಮೇಲಿನ ಮೊದಲ ಗಂಟೆ

ಕೋಳಿಕ್ಕೋಡ್‌ನ ಹಿರಿಯರು ಮೋಸ ಅಂತ ಗೊತ್ತಾದ ಮೇಲೆ ನಾಚಿಕೊಂಡು ಕೂರದೆ ದೂರು ಕೊಟ್ಟರು. ಪೊಲೀಸರು ಹಣ ಹೋದ ಖಾತೆಯನ್ನು ಪತ್ತೆ ಹಚ್ಚಿ ತಡೆಹಿಡಿದರು. ಇದು ಸಾಧ್ಯವಾಗೋದು 1930 ಸಹಾಯವಾಣಿಯ ಮೂಲಕ. ಕರೆ ಮಾಡಿದಾಗ ಹಣ ಯಾವ ಖಾತೆಗೆ ಹೋಯಿತು, ಎಷ್ಟು, ಯಾವಾಗ, ವಹಿವಾಟಿನ ಸಂಖ್ಯೆ ಏನು ಅಂತ ಕೇಳ್ತಾರೆ. ಆ ಮಾಹಿತಿ ಸಂಬಂಧಪಟ್ಟ ಬ್ಯಾಂಕಿಗೆ ಹೋಗಿ, ಹಣ ಇನ್ನೂ ಆ ಖಾತೆಯಲ್ಲಿ ಇದ್ದರೆ ಅಲ್ಲೇ ನಿಲ್ಲುತ್ತೆ. ಮೋಸಗಾರರು ಬಾಡಿಗೆಗೆ ಪಡೆದ ಖಾತೆಗಳ ಸರಪಳಿಯಲ್ಲಿ ಹಣವನ್ನು ಒಂದರಿಂದ ಇನ್ನೊಂದಕ್ಕೆ ಚೂರುಚೂರಾಗಿ ದಾಟಿಸುತ್ತಾ ಹೋಗ್ತಾರೆ. ಹಾಗಾಗಿ ಮೊದಲ ಗಂಟೆಯ ಬೆಲೆ ದೊಡ್ಡದು. ಬ್ಯಾಂಕಿಗೆ ತಿಳಿಸಿ, `cybercrime.gov.in` ನಲ್ಲಿ ದೂರು ದಾಖಲಿಸಿ, ಆಮೇಲೆ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಬಹುದು. ಬ್ಯಾಂಕಿನ ಮೆಸೇಜ್, ಕರೆ ಬಂದ ನಂಬರ್, ವಾಟ್ಸಾಪ್ ಚಾಟ್ ಯಾವುದನ್ನೂ ಅಳಿಸಬೇಡಿ.

ಈ ಒಂದು ಗಂಟೆಯನ್ನು ತಿನ್ನೋದು ಮನೆಯವರ ಬೈಗುಳ. "ಅಷ್ಟೂ ಗೊತ್ತಾಗಲ್ವಾ?" ಅಂತ ಮಗ ರೇಗುತ್ತಾನೆ ಅನ್ನುವ ಭಯಕ್ಕೆ ಹಿರಿಯರು ಎರಡು ದಿನ ಬಾಯಿ ಬಿಡಲ್ಲ. ಅಷ್ಟರಲ್ಲಿ ಹಣ ಐದಾರು ಖಾತೆ ದಾಟಿರುತ್ತೆ. ಯಾರಾದರೂ ಸಿಕ್ಕಿಬಿದ್ದರೆ ಮೊದಲ ದಿನ ಯಾರೂ ಏನೂ ಅನ್ನಬಾರದು ಎಂಬ ಒಪ್ಪಂದ ಮನೆಯಲ್ಲಿ ಮುಂಚೆಯೇ ಇದ್ದರೆ, ಆ ಎರಡು ದಿನ ಎರಡು ನಿಮಿಷ ಆಗಬಹುದು.

ಹೊಣೆ ಮನೆಯದ್ದೊಂದೇ ಅಲ್ಲ

ಮನೆಯ ಅಭ್ಯಾಸ ಬೇಕು, ಆದರೆ ಅದನ್ನೇ ಪೂರ್ತಿ ಪರಿಹಾರ ಅಂದುಕೊಂಡರೆ ಬ್ಯಾಂಕು, ಟೆಲಿಕಾಂ, ಸರ್ಕಾರ ಮೂವರೂ ಆರಾಮಾಗಿ ಕೈ ತೊಳೆದುಕೊಳ್ಳಬಹುದು. ಕಾನೂನು ಇಲ್ಲ ಅಂತಲ್ಲ. ಕಂಪ್ಯೂಟರ್ ಸಾಧನ ಬಳಸಿ ಇನ್ನೊಬ್ಬರ ವೇಷದಲ್ಲಿ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷದವರೆಗೆ ದಂಡ ಇದೆ. ಪ್ರಶ್ನೆ ಇರೋದು, ಕಳೆದುಹೋದ ಹಣ ಯಾರ ಲೆಕ್ಕಕ್ಕೆ ಅನ್ನೋದರಲ್ಲಿ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗ್ರಾಹಕರ ಒಪ್ಪಿಗೆ ಇಲ್ಲದೆ ನಡೆದ ವಹಿವಾಟಿಗೆ ರಕ್ಷಣೆ ಕೊಡುತ್ತೆ. ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದ ಪ್ರಕರಣದಲ್ಲಿ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಆದರೆ ಮೊಮ್ಮಗನ ದನಿ ನಂಬಿ ಅಜ್ಜಿ ತಾನೇ ಪಿನ್ ಒತ್ತಿದ್ದು ಈ ಅರ್ಥದಲ್ಲಿ "ಒಪ್ಪಿಗೆ ಇಲ್ಲದ" ವಹಿವಾಟು ಆಗಲ್ಲ. ಮೋಸದಿಂದ ಪಡೆದ ಒಪ್ಪಿಗೆಯೂ ಒಪ್ಪಿಗೆಯೇ ಎಂಬ ಲೆಕ್ಕ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ ಇದು ಬದಲಾಗಿದೆ. ಅಲ್ಲಿ ಮೋಸಕ್ಕೆ ಒಳಗಾಗಿ ಗ್ರಾಹಕರೇ ಕಳಿಸಿದ ಹಣವನ್ನೂ, 85,000 ಪೌಂಡ್‌ವರೆಗೆ, ಮರಳಿಸಬೇಕು. ಆ ಭಾರವನ್ನು ಹಣ ಕಳಿಸಿದ ಬ್ಯಾಂಕು ಮತ್ತು ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು. ಗ್ರಾಹಕರದ್ದು ತೀರಾ ದೊಡ್ಡ ಅಜಾಗರೂಕತೆ ಅಂತ ತೋರಿಸಿ ಬ್ಯಾಂಕು ನಿರಾಕರಿಸಬಹುದು, ಆದರೆ ದುರ್ಬಲ ಸ್ಥಿತಿಯಲ್ಲಿರುವ ಗ್ರಾಹಕರ ಮೇಲೆ ಆ ನೆಪವೂ ನಡೆಯಲ್ಲ. ಪಡೆದ ಬ್ಯಾಂಕಿನ ಜೇಬಿಗೂ ಕತ್ತರಿ ಬೀಳೋದು ಮುಖ್ಯ, ಯಾಕಂದ್ರೆ ಬಾಡಿಗೆ ಖಾತೆಗಳನ್ನು ತೆರೆಯಲು ಬಿಟ್ಟವರು ಅವರೇ.

ರಾಜಕೀಯ ಪಕ್ಷಗಳನ್ನೂ ಈ ಪಟ್ಟಿಯಿಂದ ಬಿಡುವಂತಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮತದಾರರನ್ನು ಹೆಸರು ಹಿಡಿದು ಮಾತಾಡಿಸುವ ನಕಲು ದನಿಯ ಕರೆ ಮತ್ತು ವಿಡಿಯೊಗಳು ನಮ್ಮ ದೇಶದಲ್ಲಿ ಪ್ರಚಾರದ ಸಾಧನವಾದವು. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೈಡನ್ ದನಿಯ ನಕಲಿ ಕರೆಗಳು ಹೋದ ಮೇಲೆ, ಫೆಬ್ರವರಿಯಲ್ಲೇ ಅಲ್ಲಿನ ಸಂವಹನ ಆಯೋಗ ಸ್ವೀಕರಿಸುವವರ ಒಪ್ಪಿಗೆ ಇಲ್ಲದೆ ಎಐ ದನಿಯ ಸ್ವಯಂಚಾಲಿತ ಕರೆ ಮಾಡೋದು ಕಾನೂನುಬಾಹಿರ ಅಂತ ಸಾರಿತು. ನಾಯಕರ ದನಿಯಲ್ಲಿ "ನಮಸ್ಕಾರ ಲಕ್ಷ್ಮಮ್ಮನವರೇ" ಅಂತ ಯಂತ್ರ ಕರೆಯೋದು ಸಹಜ ಅಂತ ಹಿರಿಯರಿಗೆ ಅಭ್ಯಾಸ ಮಾಡಿಸುವ ಪಕ್ಷ, ದನಿ ನಂಬಬೇಡಿ ಅಂತ ಅವರಿಗೆ ಹೇಗೆ ಹೇಳುತ್ತೆ? ನಿಮ್ಮ ಕ್ಷೇತ್ರದ ಅಭ್ಯರ್ಥಿ ಮುಂದಿನ ಸಲ ಮನೆಗೆ ಬಂದಾಗ ಕೇಳಬಹುದಾದ ಪ್ರಶ್ನೆ ಇದು.

ಅಷ್ಟರವರೆಗೆ ಮಾಡಬಹುದಾದ್ದು ಒಂದು ತಾಲೀಮು. ಮುಂದಿನ ಸಲ ಊರಿಗೆ ಹೋದಾಗ ಹಾಳೆಯ ಮೇಲೆ ನಂಬರ್ ಬರೆದು ಅಂಟಿಸಿ ಬನ್ನಿ. ಒಂದು ವಾರ ಬಿಟ್ಟು, ನಾಳೆಯೋ ನಾಡಿದ್ದೋ ಸುಳ್ಳು ಕರೆ ಮಾಡ್ತೀನಿ ಅಂತ ಮೊದಲೇ ಹೇಳಿ, ಗೆಳೆಯನ ಫೋನಿನಿಂದ ಕರೆ ಮಾಡಿ ಹಣ ಕೇಳಿ. ಅಜ್ಜಿ ಕಟ್ ಮಾಡಿ ನಿಮ್ಮ ನಂಬರಿಗೆ ವಾಪಸ್ ಮಾಡ್ತಾರಾ ನೋಡಿ. ಮಾಡದಿದ್ದರೆ ಎಲ್ಲಿ ತಡವರಿಸಿದರು ಅಂತ ಕೇಳಿ: ನಂಬರ್ ಕಾಣಲಿಲ್ಲವಾ, ಕಟ್ ಮಾಡಲು ಮನಸ್ಸಾಗಲಿಲ್ಲವಾ, ಡಯಲ್ ಮಾಡೋದು ತಿಳಿಯಲಿಲ್ಲವಾ? ಆ ಒಂದು ಜಾಗವನ್ನು ಸರಿಮಾಡಿ, ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿ ನೋಡಿ.